ನಾಲ್ಕನೆಯ ಕಾಲಂ

ನಿರಂಜನ್ ಸರ್ ಬಾಯಿಂದ 'ಇಲ್ಲ' ಎನ್ನುವ ಮಾತು ಕೇಳಿದವರು ಸರಸ್ವತಿಪುರಂನಲ್ಲಿ ಒಬ್ಬರೂ ಇರಲಿಕ್ಕಿಲ್ಲ. ರಜೆ ಕೇಳಿದರೆ 'ಕೊಡೋಣ', ಒಂದು ಹೊಸ ಫ್ಯಾನ್ ಬೇಕೆಂದರೆ 'ಹಾಕ್ಸೋಣ', ನನ್ನ ಮಾರ್ಕ್ಸ್ ಕಾರ್ಡು ವಾಪಸ್ ಕೊಡಿ ಸರ್ ಎಂದರೆ 'ಅದೇನು ರೆಕ್ಕೆ ಬಂದು ಹಾರೋಗ್ತದಾ, ಕೊಡೋಣಮ್ಮ'. ಕೇಳಿದವರು ಮೆಟ್ಟಿಲಿಳಿದು ಕೆಳಗಿನ ಜೆರಾಕ್ಸ್ ಅಂಗಡಿಯ ಹತ್ತಿರ ಬಂದಮೇಲೆ, ಸಿಕ್ಕಿದ್ದು ಏನೂ ಇಲ್ಲವಲ್ಲ ಎಂದು ಕೈ ನೋಡಿಕೊಳ್ಳುತ್ತಿದ್ದರು. ಕೀರ್ತಿ ಹೀಗೆ ಕೈ ನೋಡಿಕೊಳ್ಳಲು ಶುರುಮಾಡಿ ನಾಲ್ಕು ತಿಂಗಳಾಗಿತ್ತು.

ಅವಳು ಕೆಲಸಕ್ಕೆಂದು ನಿರಂಜನ್ ಸರ್ ನಡೆಸುವ ಟ್ಯುಟೋರಿಯಲ್‌ಗೆ ಸೇರಿದ್ದು ಹದಿನಾಲ್ಕು ತಿಂಗಳ ಹಿಂದೆ. ಸೇರಿಸಿದ್ದು ಅವಳಪ್ಪ ಮೂಗಯ್ಯ. ಮೂಗಯ್ಯ ಅಲ್ಲಿ ಹನ್ನೆರಡು ವರ್ಷದಿಂದ ಅಟೆಂಡರ್. ಬಾಗಿಲು ತೆಗೆಯುವುದು, ಕಸ ಗುಡಿಸುವುದು, ಬೋರ್ಡು ಒರೆಸುವುದು, ಟೀ ತರುವುದು, ಸಂಜೆ ಎಲ್ಲ ಬೀಗ ಹಾಕಿಕೊಂಡು ಶ್ರೀರಾಂಪುರದ ಬಸ್ಸು ಹತ್ತುವುದು. ಸೇರುವ ದಿನ ನಿರಂಜನ್ ಸರ್, 'ಹುಡುಗೀರು ಆರು ತಿಂಗಳು ಕಲ್ತು ಬೇರೆ ಕಡೆ ಹೋಗ್ಬಿಡ್ತಾರೆ ಮೂಗಯ್ಯ, ಎರಡು ವರ್ಷ ಇರ್ತಾಳೆ ಅನ್ನೋದಕ್ಕೆ ಒಂದು ನಂಬಿಕೆ ಬೇಕಲ್ಲ' ಎಂದರು. ಮೂಗಯ್ಯ ಮಗಳ ಮುಖವನ್ನೂ ನೋಡದೆ, ಅವಳ ಎಸ್ಸೆಸ್ಸೆಲ್ಸಿಯಿಂದ ಡಿಗ್ರಿವರೆಗಿನ ಮೂಲ ಅಂಕಪಟ್ಟಿಗಳಿದ್ದ ನೀಲಿ ಫೈಲನ್ನು ಎರಡೂ ಕೈಯಲ್ಲಿ ಹಿಡಿದು ಸರ್ ಮುಂದೆ ಇಟ್ಟ. ಸರ್ ಅದನ್ನು ಆಫೀಸಿನ ಕಬ್ಬಿಣದ ಬೀರುವಿನಲ್ಲಿಟ್ಟು, ಬೀಗ ಹಾಕಿ, ಕೀಯನ್ನು ಎಂದಿನಂತೆ ಮೂಗಯ್ಯನ ಕೈಗೇ ಕೊಟ್ಟರು.

ಹೌದು, ಕೀ ಮೂಗಯ್ಯನ ಹತ್ತಿರವೇ ಇತ್ತು. ಈ ಕತೆಯ ಸಂಕಟವೆಲ್ಲ ಅದೇ.

ಕೀರ್ತಿಯ ಕೆಲಸ ಏನೆಂದು ಹೇಳಿಬಿಡುತ್ತೇನೆ. ಕನ್ನಡ ಮಾಧ್ಯಮದಲ್ಲಿ ಓದಿ ಸರ್ಕಾರಿ ಪರೀಕ್ಷೆ ಬರೆಯುವ ಮಕ್ಕಳಿಗೆ ಇಂಗ್ಲಿಷ್ ಪತ್ರಿಕೆ ಬಂದರೆ ಜೀವ ಬಾಯಿಗೆ ಬರುತ್ತದೆ. ಅವರಿಗಾಗಿ ಹಳೆಯ ಪ್ರಶ್ನೆಪತ್ರಿಕೆ, ಇಂಗ್ಲಿಷ್ ಪೇಪರಿನ ಸಂಪಾದಕೀಯ, ವ್ಯಾಕರಣದ ಪುಸ್ತಕ ಇವುಗಳ ಪುಟಗಳನ್ನು ಫೋನಿನಲ್ಲಿ ಫೋಟೋ ತೆಗೆಯಬೇಕು. ಫೋನು ಆ ಫೋಟೋದೊಳಗಿನ ಅಕ್ಷರಗಳನ್ನು ಹೆಕ್ಕಿ ಕೊಡುತ್ತದೆ. ಹೆಕ್ಕಿ ಕೊಟ್ಟಿದ್ದನ್ನೆಲ್ಲ ನಂಬಿದರೆ ಕೆಟ್ಟೆವು. ಪೇಪರಿನ ಎರಡು ಕಾಲಂ ಒಟ್ಟಿಗೆ ಫೋಟೋದಲ್ಲಿ ಬಂದರೆ ಈ ಕಡೆಯ ಸಾಲಿನ ಬಾಲಕ್ಕೆ ಆ ಕಡೆಯ ಸಾಲಿನ ತಲೆ ಅಂಟಿಕೊಳ್ಳುತ್ತದೆ. ದಪ್ಪ ಪುಸ್ತಕವಾದರೆ ಹೊಲಿಗೆಯ ಹತ್ತಿರ ಪುಟ ಬಾಗಿ ಪದಗಳೇ ನುಂಗಿಹೋಗುತ್ತವೆ. ಅದಕ್ಕೆ ಅವಳು ಪುಸ್ತಕದ ಮೇಲೆ ಗಾಜಿನ ತಟ್ಟೆ ಒತ್ತಿಟ್ಟು, ಕಿಟಕಿಯ ಬೆಳಕಿಗೆ ತಿರುಗಿಸಿ, ಒಂದೊಂದೇ ಕಾಲಂ ಕತ್ತರಿಸಿ ತೆಗೆಯುತ್ತಿದ್ದಳು. ಆಮೇಲೆ ಫೋಟೋವನ್ನೂ ಅಕ್ಷರವನ್ನೂ ಪಕ್ಕಪಕ್ಕ ಇಟ್ಟುಕೊಂಡು ತಾಳೆ ನೋಡಿ, ಮಕ್ಕಳು ಎಡವುವ ಪದಗಳನ್ನು ಆರಿಸಿ ಕಂಪ್ಯೂಟರಿನ ಒಂದು ಪಟ್ಟಿಗೆ ಇಳಿಸುತ್ತಿದ್ದಳು.

ಆ ಪಟ್ಟಿಯಲ್ಲಿ ಐದು ಕಾಲಂ. ಮೊದಲನೆಯದರಲ್ಲಿ ಇಂಗ್ಲಿಷ್ ಪದ. ಎರಡನೆಯದರಲ್ಲಿ ಕನ್ನಡದ ಅರ್ಥ, ಅದೂ ನಿಘಂಟಿನಲ್ಲಿರುವ ಹತ್ತು ಅರ್ಥವಲ್ಲ, ಆ ಪುಟದಲ್ಲಿ ಆ ಪದಕ್ಕೆ ಯಾವುದು ಹೊಂದುತ್ತದೋ ಅದೊಂದೇ. ಮೂರನೆಯದರಲ್ಲಿ ಆ ಪುಟದ ವಾಕ್ಯ. ಕೊನೆಯದರಲ್ಲಿ ಮಕ್ಕಳಿಗಾಗಿ ಒಂದು ಉದಾಹರಣೆ ವಾಕ್ಯ, ಇಂಗ್ಲಿಷಿನಲ್ಲೂ ಕನ್ನಡದಲ್ಲೂ. ಪಟ್ಟಿಯನ್ನು ಪದ ಕಲಿಸುವ ಕಾರ್ಡಿನ ಆ್ಯಪ್‌ಗೆ ಹಾಕುವಾಗ, ಯಾವ ಕಾಲಂ ಕಾರ್ಡಿನ ಯಾವ ಜಾಗಕ್ಕೆ ಹೋಗಬೇಕು ಎಂದು ಅದು ಕೇಳುತ್ತದೆ. ಆರಿಸಿದರೆ ಮುಗಿಯಿತು. ಮುಂದೆ ಪದ, ತಿರುಗಿಸಿದರೆ ಅರ್ಥ ಮತ್ತು ವಾಕ್ಯ. ಕಾರ್ಡಿನ ಕಟ್ಟನ್ನು ಒಂದು ಫೈಲ್ ಮಾಡಿ ವಾಟ್ಸಾಪ್ ಗುಂಪಿಗೆ ಬಿಟ್ಟರೆ ನೂರನಲವತ್ತು ಮಕ್ಕಳು ತಮ್ಮ ತಮ್ಮ ಫೋನಿಗೆ ಇಳಿಸಿಕೊಂಡು ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ ಬೆರಳಾಡಿಸುತ್ತ ಕೂರುತ್ತಿದ್ದರು. ರಸ್ತೆಯ ತಿರುವಿನಲ್ಲಿ ಸರ್ ಮುಖದ ಪಕ್ಕ 'ಎರಡು ಸಾವಿರ ಪದ, ಕನ್ನಡದಲ್ಲೇ' ಎಂಬ ಫ್ಲೆಕ್ಸು ನಿಂತಿತ್ತು. ಸರ್ ಮಾತ್ರ ಆ ಕಾರ್ಡುಗಳನ್ನು ಒಂದು ದಿನವೂ ತೆರೆದು ನೋಡಿದವರಲ್ಲ. ಅವರಿಗೆ ಇಂಗ್ಲಿಷ್ ಬರುತ್ತದಲ್ಲ, ಅವರಿಗೇಕೆ?

ನಾಲ್ಕನೆಯ ಕಾಲಂ ಬಿಟ್ಟೆನೆಂದುಕೊಳ್ಳಬೇಡಿ. ಅದು ಕೀರ್ತಿಯ ಸ್ವಂತದ್ದು.

ಅವಳೂ ಅದೇ ಪರೀಕ್ಷೆಗೆ ಓದುತ್ತಿದ್ದಳು. 'ರಾಜನು ಸಿಂಹಾಸನವನ್ನು ತ್ಯಜಿಸಿದನು' ಎಂಬಂಥ ವಾಕ್ಯಗಳು ಅವಳ ತಲೆಯಲ್ಲಿ ಒಂದು ದಿನವೂ ನಿಲ್ಲಲಿಲ್ಲ. ಅವಳ ಕೇರಿಯಲ್ಲಿ ಯಾವ ರಾಜನೂ ಏನನ್ನೂ ತ್ಯಜಿಸಿರಲಿಲ್ಲ. ಒಂದು ದಿನ ಬೇಸರ ಬಂದು ತನ್ನ ಮನೆಯದೇ ವಾಕ್ಯ ಬರೆದಳು. ಅದು ಥಟ್ಟನೆ ಕೂತಿತು. ಅಂದಿನಿಂದ ಅವಳ ಓದಿಗೆ ನಾಲ್ಕನೆಯ ಕಾಲಂ, ಮಕ್ಕಳಿಗೆ ಐದನೆಯದು. ದಿನವೂ ತನ್ನ ಕಟ್ಟಿಗೆ ನಾಲ್ಕನ್ನು ಆರಿಸುವಳು, ವಾರಕ್ಕೊಮ್ಮೆ ಮಕ್ಕಳ ಕಟ್ಟಿಗೆ ಐದನ್ನು ಆರಿಸುವಳು. ನಾಲ್ಕು ತಿಂಗಳ ಹಿಂದೆ ಪರೀಕ್ಷೆಯ ಫಲಿತಾಂಶ ಬಂದು, ಫೈಲು ವಾಪಸ್ ಕೇಳಲು ಶುರುಮಾಡಿದ ಮೇಲೂ ಆ ಚಟ ಬಿಡಲಿಲ್ಲ. ಅಪ್ಪನ ಹತ್ತಿರ ಆಡಲಾಗದ್ದು, ಅವ್ವ ಸೋಮಮ್ಮನ ಹತ್ತಿರ ಆಡಿದರೆ ಅವಳು ಅಳುವಂಥದ್ದು ಎಲ್ಲವೂ ಅಲ್ಲಿ ಹೋಗಿ ಬೀಳುತ್ತಿತ್ತು.

ಅಂಥವಳಿಗೆ ಒಂದು ಶನಿವಾರ ಪತ್ರ ಬಂತು. ದ್ವಿತೀಯ ದರ್ಜೆ ಸಹಾಯಕರ ಹುದ್ದೆ, ಬರುವ ಗುರುವಾರ ದಾಖಲೆ ಪರಿಶೀಲನೆ, ಮೂಲ ಅಂಕಪಟ್ಟಿಗಳನ್ನೇ ತರತಕ್ಕದ್ದು, ತಾರದಿದ್ದರೆ ಹೆಸರನ್ನು ಕೈಬಿಟ್ಟು ಪಟ್ಟಿಯಲ್ಲಿ ಮುಂದಿನವರನ್ನು ಪರಿಗಣಿಸಲಾಗುವುದು. ಕಳೆದುಹೋಗಿದೆ ಎಂದು ಸುಳ್ಳು ಅಫಿಡವಿಟ್ಟು ಬರೆದು ನಕಲು ಪ್ರತಿ ತೆಗೆಸಲು ಹೊರಟರೂ ವಾರಗಟ್ಟಲೆ ಆಗುತ್ತದೆ. ಅವಳ ಮುಂದೆ ಇದ್ದದ್ದು ಐದು ದಿನ.

'ಭೇಷ್' ಎಂದರು ನಿರಂಜನ್ ಸರ್, ಪತ್ರವನ್ನು ಎರಡು ಸಲ ಓದಿ. 'ನಮ್ಮ ಟ್ಯುಟೋರಿಯಲ್‌ಗೇ ಹೆಮ್ಮೆ. ನಿನ್ನ ಫೋಟೋನೂ ಫ್ಲೆಕ್ಸ್‌ಗೆ ಹಾಕ್ಸೋಣ.'

'ಸರ್, ನನ್ನ ಫೈಲು...'

'ಕೊಡೋಣಮ್ಮ. ಆದ್ರೆ ನೋಡು, ಹೊಸ ಬ್ಯಾಚು ಈಗ ತಾನೆ ಸೇರಿದೆ. ಎರಡು ಸಾವಿರ ಪದ ಅಂತ ಬರ್ಸಿದೀನಿ. ಇನ್ನೂ ಇನ್ನೂರು ಕಮ್ಮಿ ಇದೆ ಅಲ್ವಾ? ಬುಧವಾರದ ಒಪ್ಪಿಸೋ ಕ್ಲಾಸಿನೊಳಗೆ ಅದು ಮಕ್ಕಳ ಕೈಲಿರಲಿ. ಆಮೇಲೆ ಕೂತು ಮಾತಾಡೋಣ.'

'ಮಾತಾಡೋದೇನಿದೆ ಸರ್, ಗುರುವಾರ ಬೆಳಿಗ್ಗೆ ಹತ್ತಕ್ಕೆ ಹೋಗ್ಬೇಕು.'

'ಎರಡು ವರ್ಷ ಅಂತ ನಿಮ್ಮಪ್ಪ ಮಾತು ಕೊಟ್ಟಿದ್ದ. ನಾನೇನಾದ್ರೂ ಅದನ್ನ ಎತ್ತಿ ಆಡ್ತಿದೀನಾ?' ಎಂದು ನಕ್ಕರು. ಎತ್ತಿ ಆಡಿದ್ದು ಹಾಗೆ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮೂಗಯ್ಯ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ. ಕೀರ್ತಿ ಪಕ್ಕದಲ್ಲಿ ಕೂತಳು. ಗೋಡೆಯ ಗೂಟಕ್ಕೆ ಅವನ ಖಾಕಿ ಅಂಗಿ ನೇತುಬಿದ್ದಿತ್ತು, ಜೇಬು ಕೀ ಗೊಂಚಲಿನ ಭಾರಕ್ಕೆ ಜೋತಿತ್ತು.

'ಅಪ್ಪ, ನಾಳೆ ಬೆಳಿಗ್ಗೆ ನೀನು ಬಾಗಿಲು ತೆಗೆಯೋವಾಗ ನಾನೂ ಬರ್ತೀನಿ. ಬೀರು ತೆಗೆದು ಆ ಫೈಲು ಕೊಟ್ಬುಡು. ಗುರುವಾರ ತೋರ್ಸಿ ಮಧ್ಯಾಹ್ನಕ್ಕೆ ವಾಪಸ್ ಇಟ್ಬುಡೋಣ. ಸರ್‌ಗೆ ಗೊತ್ತೇ ಆಗಲ್ಲ.'

ಮೂಗಯ್ಯ ಚಾಚಿದ ಕಾಲು ಮಡಚಿಕೊಂಡ. 'ಅಂಗೆಲ್ಲ ತೆಗ್ಯಕ್ಕಾಯ್ತದಾ ಕಣವ್ವ' ಎಂದ.

'ನನ್ನದೇ ಫೈಲು ಅಪ್ಪ.'

'ಫೈಲು ನಿಂದು. ಕೀ ನಂದಲ್ಲ ಕಣವ್ವ, ಸಾರ್‌ದು. ನಂಬ್ಕೊಂಡು ಕೊಟ್ಟವ್ರೆ.' ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಕಷ್ಟವಾದದ್ದು. 'ಸಾರ್ ಹತ್ರ ಬರೋಕ್ ಮುಂಚೆ ನಾನು ಕೆಲಸ ಮಾಡ್ದ ಮನೆಗಳಲ್ಲಿ ಇತ್ತಲ ಬಾಗ್ಲಿಂದ ಬಾ, ಲೋಟ ದೂರ ಮಡಗು ಅಂತಿದ್ರು. ಒಬ್ರೂ ನನ್ ಕೈಗೆ ಕೀ ಅಂತ ಕೊಟ್ಟವ್ರಲ್ಲ. ಈ ಪುಣ್ಯಾತ್ಮ ಮೊದಲ್ನೇ ದಿನ್ವೇ ಇಡೀ ಗೊಂಚಲು ಕೊಟ್ರು. ಕೇಳ್ತೀನಿ ಬುಡು. ನಾನೇ ಕೇಳ್ತೀನಿ ಸಾರ್‌ನ.'

ಕೇಳಿದನೋ ಇಲ್ಲವೋ. ಸೋಮವಾರ ಸಂಜೆ ಕೀರ್ತಿ ಕೇಳಿದಾಗ, 'ಕೊಡೋಣ ಅಂದವ್ರೆ' ಎಂದ. ಅವಳಿಗೆ ಸರ್ ಮೇಲಿನ ಸಿಟ್ಟು ಸಣ್ಣದು, ಅವರು ಹೊರಗಿನವರು. ಅಪ್ಪನ ಮೇಲಿನ ಸಿಟ್ಟನ್ನು ಮಾತ್ರ ಎಲ್ಲಿಡುವುದೆಂದು ತಿಳಿಯದೆ ಅವಳು ಒಳಗೊಳಗೇ ಬೇಯುತ್ತಿದ್ದಳು. ಅವನು ಕೆಟ್ಟವನಾಗಿದ್ದರೆ ಜಗಳವಾಡಿ ಬಾಗಿಲು ಬಡಿದು ಹೋಗಬಹುದಿತ್ತು. ಅವನು ಒಳ್ಳೆಯವನಾಗಿದ್ದುಕೊಂಡೇ ಅವಳನ್ನು ಕಟ್ಟಿಹಾಕಿದ್ದ.

ಆ ಸೋಮವಾರ ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಅವಳು ಕಿಟಕಿಯ ಹತ್ತಿರದಿಂದ ಎದ್ದಿರಲಿಲ್ಲ. ಫೋಟೋ, ತಾಳೆ, ಪದ, ಅರ್ಥ, ವಾಕ್ಯ. ಹಳೆಯ ಪ್ರಶ್ನೆಪತ್ರಿಕೆಯ ಒಂದು ಗದ್ಯಭಾಗದಲ್ಲಿ 'ಕಸ್ಟಡಿ' ಬಂತು. ಅರ್ಥದ ಕಾಲಂನಲ್ಲಿ 'ವಶ, ಸುಪರ್ದು' ಎಂದು ಬರೆದಳು. ಐದನೆಯದಕ್ಕೆ 'ಕಾಗದಪತ್ರಗಳು ವಕೀಲರ ವಶದಲ್ಲಿವೆ' ಎಂದು ಬರೆದಳು. ನಾಲ್ಕನೆಯದಕ್ಕೆ ಏನು ಬರೆದಳೆಂದು ಮುಂದೆ ಎಲ್ಲರಿಗೂ ಗೊತ್ತಾಯಿತು. ಇನ್ನೂರು ಮುಗಿದಾಗ ಕಣ್ಣು ಕೆಂಡವಾಗಿತ್ತು. ಪಟ್ಟಿಯನ್ನು ಆ್ಯಪ್‌ಗೆ ಹಾಕಿದಳು. ಉದಾಹರಣೆಗೆ ಯಾವ ಕಾಲಂ ಎಂದು ಅದು ಕೇಳಿತು. ದಿನವೂ ಒತ್ತಿದ ಬೆರಳು ದಿನವೂ ಒತ್ತಿದ್ದನ್ನೇ, ನಾಲ್ಕನ್ನೇ, ಒತ್ತಿತು. ಕಟ್ಟಿದ ಫೈಲನ್ನು ಗುಂಪಿಗೆ ಬಿಟ್ಟು, ಫೋನು ಬ್ಯಾಗಿಗೆ ಹಾಕಿಕೊಂಡು, ಅಪ್ಪನ ಜೊತೆ ಬಸ್ಸು ಹತ್ತಿದಳು. ಪದ ಮೊದಲೇ ಇದ್ದರೆ ಹೊಸ ಪಟ್ಟಿ ಹಳೆಯ ಕಾರ್ಡನ್ನೇ ತಿದ್ದುತ್ತದೆ. ಅವಳು ಹಾಕಿದ್ದು ಇಡೀ ಎರಡು ಸಾವಿರದ ಪಟ್ಟಿ.

ಮಂಗಳವಾರ ಸಂಜೆ ಕ್ಲಾಸು ಬಿಟ್ಟಮೇಲೆ ಬಿಂದು ಎಂಬ ಹುಡುಗಿ ಮೆಟ್ಟಿಲ ತಿರುವಿನಲ್ಲಿ ಅವಳಿಗಾಗಿ ಕಾಯುತ್ತಿದ್ದಳು. ವಿಜಯನಗರದಿಂದ ಬರುವವಳು, ಮಾತು ಕಡಿಮೆ, ಎಲ್ಲ ಕಾರ್ಡನ್ನೂ ಮೊದಲು ಕಲಿಯುವವಳು.

'ಅಕ್ಕ, ಒಂದ್ನಿಮಿಷ. ಕಾರ್ಡ್‌ನಲ್ಲಿ ವಾಕ್ಯಗಳು ಬದಲಾಗ್ಬಿಟ್ಟಿವೆ' ಎಂದು ಫೋನು ಮುಂದೆ ಹಿಡಿದಳು.

ಕೀರ್ತಿ ನೋಡಿದಳು. ಅವಳದೇ ವಾಕ್ಯ, ಬೇರೆಯವರ ಫೋನಿನಲ್ಲಿ. ಬೆರಳಾಡಿಸಿದಳು. ಇನ್ನೊಂದು, ಮತ್ತೊಂದು.

'ಎಷ್ಟು ಜನ ಇಳಿಸಿಕೊಂಡಿದ್ದಾರೆ?'

'ಎಲ್ರೂ ಅಕ್ಕ. ನಾಳೆ ಒಪ್ಪಿಸ್ಬೇಕಲ್ಲ.' ಬಿಂದು ಫೋನು ವಾಪಸ್ ತೆಗೆದುಕೊಂಡು ಹೇಳಿದಳು, 'ಯಾರೂ ಏನೂ ಮಾತಾಡಿಲ್ಲ. ಸುಮ್ನೆ ಓದ್ಕೋತಿದಾರೆ.'

ಕೀರ್ತಿ ಗುಂಪಿನಿಂದ ಫೈಲನ್ನು ಅಳಿಸಿದಳು. ಅಳಿಸಿ ಏನು? ಇಳಿದಿದ್ದು ಇಳಿದಿತ್ತು. ಐದನೆಯ ಕಾಲಂ ಹಾಕಿ ಹೊಸದಾಗಿ ಕಟ್ಟಿ, 'ಹಿಂದಿನದರಲ್ಲಿ ತಪ್ಪಿದೆ, ಇದನ್ನು ಹಾಕಿಕೊಳ್ಳಿ' ಎಂದು ಬಿಟ್ಟಳು. ಹಾಕಿಕೊಂಡರೆ ವಾಕ್ಯ ಸರಿಹೋಗುತ್ತದೆ, ನಿಜ. ನೂರನಲವತ್ತರಲ್ಲಿ ಯಾರು ಹಾಕಿಕೊಂಡರು, ಯಾರು ಬಿಟ್ಟರು ಎಂದು ತಿಳಿಯುವ ದಾರಿ ಇರಲಿಲ್ಲ. ಅಪ್ಪ ಕ್ಲಾಸ್‌ರೂಮಿನಲ್ಲಿ ಬೆಂಚು ಸರಿಪಡಿಸುತ್ತಿದ್ದ ಸದ್ದು ಕೇಳುತ್ತಿತ್ತು. ಓಡಿಹೋಗೋಣ ಎಂದರೆ ಎಲ್ಲಿಗೆ? ಗುರುವಾರಕ್ಕೆ ಬೇಕಾದ ಫೈಲು ಅದೇ ಆಫೀಸಿನ ಬೀರುವಿನೊಳಗಿತ್ತು.

ಬುಧವಾರ ಬೆಳಿಗ್ಗೆ ಏಳಕ್ಕೆ ಕ್ಲಾಸು ಕಿಕ್ಕಿರಿದಿತ್ತು. ಒಪ್ಪಿಸುವುದೆಂದರೆ ನಿರಂಜನ್ ಸರ್‌ಗೆ ಹಬ್ಬ. ಮೈಕು ಹಿಡಿದು, ಕೀರ್ತಿ ಅಚ್ಚುಹಾಕಿಸಿ ಕೊಟ್ಟ ಪದಗಳ ಹಾಳೆಯಿಂದ ಒಂದು ಪದ ಕೂಗುವರು. ಬೆರಳು ತೋರಿಸಿದವರು ಎದ್ದು ನಿಂತು ಅರ್ಥ ಹೇಳಬೇಕು, ಕಾರ್ಡಿನಲ್ಲಿರುವ ವಾಕ್ಯವನ್ನು ಒಂದಕ್ಷರ ತಪ್ಪದೆ ಒಪ್ಪಿಸಬೇಕು. ತಪ್ಪಿದರೆ ನಿಂತೇ ಇರಬೇಕು. ಹಾಳೆಯಲ್ಲಿ ಪದ ಮಾತ್ರ ಇರುತ್ತಿತ್ತು, ವಾಕ್ಯ ಸರಿಯೋ ತಪ್ಪೋ ಎಂದು ಕೀರ್ತಿ ತಲೆಯಾಡಿಸುವಳು. ಕೀರ್ತಿ ಎಂದಿನಂತೆ ಪಕ್ಕದ ಗೋಡೆಗೊರಗಿ ಹಾಜರಿ ಪುಸ್ತಕ ಹಿಡಿದು ನಿಂತಿದ್ದಳು.

ಮೊದಲ ಪದ, ಎರಡನೆಯ ಪದ ಸಲೀಸಾಗಿ ಹೋದವು. ಎದ್ದವರು ಹೊಸ ಫೈಲು ಹಾಕಿಕೊಂಡವರು. ಅವಳಿಗೆ ಉಸಿರು ಬಂತು. ಮೂರನೆಯದಕ್ಕೆ ಸರ್ 'ಕಸ್ಟಡಿ' ಎಂದರು. ಬೆರಳು ಮೋಹನ್ ಎಂಬ ಹುಡುಗನ ಕಡೆ ಹೋಯಿತು.

'ವಶ, ಸುಪರ್ದು' ಎಂದ ಅವನು.

'ವಾಕ್ಯ?'

ಮೋಹನ್ ಕೀರ್ತಿಯ ಕಡೆ ನೋಡಿದ, ನೆಲ ನೋಡಿದ. 'ಗೊತ್ತಿಲ್ಲ ಸರ್.'

'ನಿಂತಿರು. ನೆಕ್ಸ್ಟ್.'

ಪಕ್ಕದವಳೂ ಗೊತ್ತಿಲ್ಲ ಎಂದಳು. ಅವಳ ಹಿಂದಿನವನೂ. ಹತ್ತು ಜನ ನಿಂತರು, ಹದಿನೈದು ಜನ. ಮೊದಲ ಫೈಲನ್ನೇ ಕಲಿತು ಮುಗಿಸಿದ್ದ ಬಿಂದು ಕೂಡ ಎದ್ದು, ಎಂದೂ ಒಂದಕ್ಷರ ತಪ್ಪದವಳು, 'ಗೊತ್ತಿಲ್ಲ ಸರ್' ಎಂದಳು. ತನಗಾಗಿ ಇಷ್ಟು ಜನ ಸುಳ್ಳು ಹೇಳುತ್ತಿರುವುದು ಕೀರ್ತಿಗೆ ತಿಳಿಯಿತು. ಅವರು ಸುಳ್ಳು ಹೇಳಿದಷ್ಟೂ ಸರ್ ಮುಖ ಕೆಂಪೇರುತ್ತಿತ್ತು. ಅದೂ ಅವಳಿಗೆ ಕಾಣುತ್ತಿತ್ತು.

'ಏನು, ಎಲ್ರೂ ಸೇರ್ಕೊಂಡು ಆಟ ಆಡ್ತಿದೀರಾ? ಎರಡು ಸಾವಿರ ಪದ ಮಾಡ್ಸಿ ಕೊಟ್ರೆ ಒಂದು ವಾಕ್ಯ ಬರಲ್ವಾ? ಕೊಡಿಲ್ಲಿ ಫೋನು' ಎಂದು ಸರ್ ಮುಂದಿನ ಬೆಂಚಿನವನ ಕೈಯಿಂದ ಫೋನು ಕಿತ್ತುಕೊಂಡರು. ಅದು ತೆರೆದೇ ಇತ್ತು. ಪದ ಹುಡುಕಿದರು. ಮೂಗಯ್ಯ ಆ ಹೊತ್ತಿಗೆ ಸರಿಯಾಗಿ ಟೀ ಲೋಟದ ತಟ್ಟೆ ಹಿಡಿದು ಬಾಗಿಲಿಗೆ ಬಂದ. ಸರ್ ಮೈಕನ್ನು ಬಾಯಿಯ ಹತ್ತಿರ ಹಿಡಿದು, ದೊಡ್ಡ ದನಿಯಲ್ಲಿ, ಮಕ್ಕಳಿಗೆ ನಾಚಿಕೆಯಾಗಲಿ ಎಂದು ಬಿಡಿಸಿ ಬಿಡಿಸಿ ಓದಿದರು:

'ನನ್ನ ಅಂಕಪಟ್ಟಿಗಳು ನಿರಂಜನ್ ಸರ್ ವಶದಲ್ಲಿವೆ. ಬೀರುವಿನ ಕೀ ನಮ್ಮಪ್ಪನ ಜೇಬಿನಲ್ಲಿದೆ.'

ಕೊನೆಯ ಪದದವರೆಗೂ ಅವರ ದನಿ ಇಳಿಯಲಿಲ್ಲ, ಓದುವ ರಭಸ ಅಂಥದ್ದು. ಓದಿ ಮುಗಿದ ಮೇಲೆ ಅರ್ಥವಾಯಿತು. ನೂರನಲವತ್ತು ಮುಖಗಳು ಸರ್ ಕಡೆ ತಿರುಗಲಿಲ್ಲ. ಬಾಗಿಲ ಕಡೆ ತಿರುಗಿದವು, ಖಾಕಿ ಅಂಗಿಯ ಜೋತ ಜೇಬಿನ ಕಡೆ.

ಸರ್ ನಗಲು ನೋಡಿದರು. 'ನಮ್ಮ ಕೀರ್ತಿಗೆ ತಮಾಷೆ ಜಾಸ್ತಿ' ಎಂದರು. ಯಾರೂ ನಗಲಿಲ್ಲ. 'ಏನಮ್ಮ, ಬಾ ಇಲ್ಲಿ. ಮೈಕ್ ತಗೋ. ಇದು ಸುಮ್ನೆ ತಮಾಷೆಗೆ ಬರ್ದಿದ್ದು ಅಂತ ಮಕ್ಕಳಿಗೆ ಹೇಳ್ಬಿಡು. ನಿನ್ನ ಕೆಲಸದ ವಿಷಯ ಆಮೇಲೆ ಕೂತು ಮಾತಾಡೋಣ.'

ಅವಳಿಗೆ ಲೆಕ್ಕ ಅರ್ಥವಾಯಿತು. ತಮಾಷೆ ಎಂದರೆ ಫೈಲು ಸಿಗಬಹುದು, ಸಿಗದೆಯೂ ಇರಬಹುದು. ನಿಜ ಎಂದರೆ ಸಿಗುವುದೇ ಇಲ್ಲ, ಅಪ್ಪನ ಕೆಲಸವೂ ಹೋಗುತ್ತದೆ. ಮೈಕು ಕೈಗೆ ಬಂತು. ಅಪ್ಪ ಮಾತ್ರ ಅವಳನ್ನು ನೋಡುತ್ತಿರಲಿಲ್ಲ. ಅವನು ಟೀ ತಟ್ಟೆಯನ್ನು ಎಲ್ಲಿಡಲಿ ಎಂಬಂತೆ ಅತ್ತಿತ್ತ ನೋಡಿ, ಕೊನೆಗೆ ಸರ್ ಮುಂದಿನ ಮೇಜಿನ ಮೇಲಿಟ್ಟು, ತಿರುಗಿ ಹೊರಟುಹೋದ.

ಚಪ್ಪಲಿಯ ಸದ್ದು ಆಫೀಸಿನ ಕಡೆ ಹೋಯಿತು. ಕೀ ಗೊಂಚಲು ಅಲುಗಿತು. ಆ ಕಬ್ಬಿಣದ ಬೀರುವಿನ ಬಾಗಿಲು ಎಳೆದರೆ ಕಿರ್ರೆನ್ನುವುದು ಟ್ಯುಟೋರಿಯಲ್‌ನ ಪ್ರತಿಯೊಬ್ಬರಿಗೂ ಗೊತ್ತು. ಅದು ಕಿರ್ರೆಂದಿತು.

'ಮೂಗಯ್ಯ' ಎಂದರು ಸರ್, ಮೈಕಿಲ್ಲದ ದನಿಯಲ್ಲಿ.

ಮೂಗಯ್ಯ ನೀಲಿ ಫೈಲನ್ನು ಎರಡೂ ಕೈಯಲ್ಲಿ ಹಿಡಿದು ಬಂದು ಮಗಳ ಕೈಗೆ ಕೊಟ್ಟ. ಆಮೇಲೆ ಕೀ ಗೊಂಚಲನ್ನು ಸರ್ ಮುಂದಿನ ಮೇಜಿನ ಮೇಲೆ, ಟೀ ಲೋಟದ ಪಕ್ಕ ಇಟ್ಟ. 'ತಮ್ಮನ್ನ ಕೇಳ್ದೆ ತೆಗ್ದೆ ಸಾರ್. ಇನ್ ಇದು ನನ್ ಹತ್ರ ಇರಬಾರ್ದು' ಎಂದ. ಸರ್ 'ಕೊಡೋಣ' ಎನ್ನಲಿಲ್ಲ. ಮುಂದಿನ ಬೆಂಚಿನವನು ತನ್ನ ಫೋನಿಗೆ ಕೈ ಚಾಚಿದ.

ಅಪ್ಪ ಮಗಳು ಮನೆಯ ಬಸ್ಸು ಹತ್ತಿದರು. ಎಂಟು ಗಂಟೆಯ ಬಸ್ಸಿನಲ್ಲಿ ಶ್ರೀರಾಂಪುರದ ಕಡೆ ಹೋಗುವವರು ಕಡಿಮೆ, ಸೀಟು ಸಿಕ್ಕಿತು. ಕಿಟಕಿಗೆ ಅವಳು, ಈಚೆಗೆ ಅವನು. ಬೆಳಗಿನ ಹೊತ್ತು ಮನೆಯ ಕಡೆ ಹೋಗುವ ಬಸ್ಸಿನಲ್ಲಿ ಅವನು ಹನ್ನೆರಡು ವರ್ಷದಲ್ಲಿ ಕೂತಿರಲಿಲ್ಲ. ಅವಳು ಫೈಲು ತೆಗೆದು ನೋಡಿದಳು. ಎಲ್ಲವೂ ಇದ್ದವು. ಸಂತೋಷವಾಗಬೇಕಿತ್ತು, ಆಗಲಿಲ್ಲ.

'ಅಪ್ಪ, ಆ ವಾಕ್ಯ ಮಕ್ಕಳಿಗೆ ಹೋಗಬಾರದಿತ್ತು. ನನ್ನ ಬೆರಳು ತಪ್ತು.'

'ಬರ್ದಿದ್ದು ಬೆರಳು ತಪ್ಪಿ ಅಲ್ವಲ್ಲ' ಎಂದ ಮೂಗಯ್ಯ.

ಬಸ್ಸು ಒಂದು ಸಿಗ್ನಲ್ಲಿನಲ್ಲಿ ನಿಂತಿತು.

'ನನ್ ಬಗ್ಗೆ ಇನ್ನೂ ಬರ್ದಿದ್ದೀಯಾ?'

'ಹೂಂ.'

'ಆ ಹುಡುಗ್ರೆಲ್ಲ ಓದವ್ರಾ?'

'ಹೂಂ ಅಪ್ಪ.'

'ಅಂಗಿದ್ರೆ ನಾನೂ ಓದ್ಬೇಕು. ತೆಗಿ.'

ಅವಳು ಬೇಡ ಎಂದಳು, ಮನೆಗೆ ಹೋದ ಮೇಲೆ ಎಂದಳು, ಚಾರ್ಜಿಲ್ಲ ಎಂದಳು. ಅವನು ಕೈ ಚಾಚಿಕೊಂಡೇ ಇದ್ದ. ಕಿಟಕಿಯ ಪಕ್ಕ ಕೂತವಳಿಗೆ ಎದ್ದು ಹೋಗಲು ದಾರಿಯೂ ಇರಲಿಲ್ಲ. ತನ್ನ ಕಟ್ಟು ತೆರೆದು, 'ಅಪ್ಪ' ಎಂದು ಹುಡುಕಿ, ಫೋನು ಅವನ ಕೈಯಲ್ಲಿಟ್ಟಳು. ಅರವತ್ತು ಚಿಲ್ಲರೆ ಕಾರ್ಡು ಬಂದವು. ಮೂಗಯ್ಯನಿಗೆ ಇಂಗ್ಲಿಷ್ ಬರುವುದಿಲ್ಲ. ಕನ್ನಡ ಬರುತ್ತದೆ, ಬೆರಳಿಟ್ಟುಕೊಂಡು ನಿಧಾನವಾಗಿ. ಅದಕ್ಕೆ ಅವಳು ಒಂದು ಮಾತನ್ನೂ ತಿರುಚಿ ಓದಿ ಹೇಳುವ ಹಾಗಿರಲಿಲ್ಲ.

'ನಮ್ಮಪ್ಪ ಒಂದು ಕೀ ಗೊಂಚಲಿನ ಋಣವನ್ನು ಹನ್ನೆರಡು ವರ್ಷದಿಂದ ತೀರಿಸುತ್ತಿದ್ದಾರೆ.' ಓದಿದ. 'ಹೂಂ' ಎಂದ. ಅವಳು ಮುಂದಿನದು ಒತ್ತಿದಳು. 'ಸರ್ ನಕ್ಕರೆ ಅಪ್ಪನೂ ನಗುತ್ತಾರೆ, ಯಾಕೆಂದು ಕೇಳುವುದಿಲ್ಲ.' 'ಹೂಂ.' 'ಅಪ್ಪ ನನ್ನನ್ನು ಓದಿಸಿದರು. ಓದಿದ್ದನ್ನು ಬೇರೆಯವರ ಬೀರುವಿನಲ್ಲಿಟ್ಟರು.' ಇದಕ್ಕೆ ಹೂಂ ಎನ್ನಲಿಲ್ಲ. ಕಂಡಕ್ಟರ್ ಬಂದು ಟಿಕೆಟ್ ಕೇಳಿದ, ಮೂಗಯ್ಯ ತಲೆಯೆತ್ತದೆ ಕೊಟ್ಟ. ಪಕ್ಕದ ಸೀಟಿನ ಹೆಂಗಸು, ತಾತ ಫೋನಿನಲ್ಲಿ ಪಾಠ ಓದುತ್ತಿದ್ದಾನೆ ಎಂದುಕೊಂಡು ನಗುತ್ತ ನೋಡಿದಳು.

ಮುಂದಿನ ಕಾರ್ಡಿನ ಮೇಲೆ 'ಕೌವರ್ಡ್' ಎಂಬ ಇಂಗ್ಲಿಷ್ ಪದವಿತ್ತು. ಕೀರ್ತಿ ಅದನ್ನು ದಾಟಿಸಲು ಕೈ ಚಾಚಿದಳು. ಮೂಗಯ್ಯ ಅವಳ ಕೈ ಹಿಡಿದು ಪಕ್ಕಕ್ಕೆ ಸರಿಸಿದ. ಒತ್ತಿದರೆ ತಿರುಗುತ್ತದೆ ಎಂದು ಅಷ್ಟರಲ್ಲಿ ಕಲಿತಿದ್ದ. ಒತ್ತಿದ.

'ಹೇ-ಡಿ' ಎಂದು ಓದಿದ. ಆಮೇಲೆ ಬೆರಳು ಕೆಳಗಿಳಿಯಿತು. 'ನ-ಮ್ಮ-ಪ್ಪ ಹೇಡಿ ಅ-ಲ್ಲ ಎಂದು... ನಾನು ದಿ-ನ-ವೂ... ಹೇ-ಳಿ-ಕೊ-ಳ್ಳು-ತ್ತೇನೆ.'

ಎರಡನೆಯ ಸಲ ಬಾಯೊಳಗೇ ಓದಿಕೊಂಡ. ಕೀರ್ತಿ ಫೈಲಿನ ಅಂಚನ್ನು ಹಿಂಡುತ್ತ ಹೊರಗೆ ನೋಡುತ್ತಿದ್ದಳು, ಅಂಗಡಿಗಳ ಬಾಗಿಲು ಒಂದೊಂದಾಗಿ ಮೇಲೇಳುತ್ತಿದ್ದವು.

'ಕೆಳಗೆ ಇವೇನವ್ವ, ಎರಡು ಬಟನ್ನು?'

'ಬಲಗಡೇದು ಗೊತ್ತು ಅಂತ. ಅದು ಒತ್ತಿದ್ರೆ ಆ ಕಾರ್ಡು ಸದ್ಯಕ್ಕೆ ಬರಲ್ಲ ಅಪ್ಪ. ಅದನ್ನೇ ಒತ್ತು.'

'ಎಡಗಡೇದು?'

'ಗೊತ್ತಿರ್ಲಿಲ್ಲ ಅಂತ. ಅದು ಒತ್ತಿದ್ರೆ ಒಂದು ನಿಮಿಷಕ್ಕೇ ಮತ್ತೆ ಕೇಳುತ್ತೆ.'

ಮೂಗಯ್ಯ ಸ್ವಲ್ಪ ಹೊತ್ತು ಎರಡನ್ನೂ ನೋಡಿದ. 'ನಂಗಿದು ಗೊತ್ತಿರ್ನಿಲ್ಲ ಕಣವ್ವ' ಎಂದು ಎಡಗಡೆಯದನ್ನು ಒತ್ತಿದ. ಬಸ್ಸು ತಿರುವು ದಾಟಿ ಇನ್ನೊಂದು ಸ್ಟಾಪಿನಲ್ಲಿ ನಿಂತು ಹೊರಡುವಷ್ಟರಲ್ಲಿ ಆ ಕಾರ್ಡು ಮತ್ತೆ ಬಂತು.